ಮ್ಯಾಮೋಗ್ರಾಂ ಪತ್ರದಲ್ಲಿ ‘ಡೆನ್ಸ್’ ಅಂತ ಬಂದಿದೆಯೇ? ಅಮೆರಿಕಕ್ಕೆ ಹೊಸದಾಗಿ ಬಂದ ಅಕ್ಕತಂಗಿಯರಿಗೆ

ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಮ್ಯಾಮೋಗ್ರಾಂ ತೆಗೆಯುವ ಕೆಲಸ ಮಾಡುತ್ತೇನೆ. ಕನ್ನಡದ ಹೆಣ್ಣುಮಕ್ಕಳು ಫೋನ್ ಮಾಡಿ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: “ಅಕ್ಕಾ, ರಿಪೋರ್ಟ್ ನಾರ್ಮಲ್ ಅಂತ ಬರೆದಿದ್ದಾರೆ, ಕೆಳಗೆ ನೋಡಿದ್ರೆ ನಿಮ್ಮ ಸ್ತನ ಡೆನ್ಸ್, ಡಾಕ್ಟರ್ ಹತ್ರ ಮಾತಾಡಿ ಅಂತಿದೆ. ಯಾವುದನ್ನ ನಂಬ್ಲಿ?” ಎರಡನ್ನೂ ನಂಬಿ. ಎರಡೂ ಬೇರೆ ಬೇರೆ ವಿಷಯ ಹೇಳುತ್ತಿವೆ.

ಮೊದಲು ಆ ಸಾಲು ಎಲ್ಲಿಂದ ಬಂತು ಅನ್ನುವುದು ಗೊತ್ತಿರಲಿ. 2024ರ ಸೆಪ್ಟೆಂಬರ್ 10ರಿಂದ ಅಮೆರಿಕದ ಪ್ರತಿ ಮ್ಯಾಮೋಗ್ರಾಂ ಕೇಂದ್ರವೂ ನಿಮ್ಮ ಸ್ತನ ಡೆನ್ಸ್ ಹೌದೋ ಅಲ್ಲವೋ ಎಂದು ನಿಮಗೇ ಬರೆದು ತಿಳಿಸಬೇಕು. ಅದು ಔಷಧ, ವೈದ್ಯಕೀಯ ಉಪಕರಣಗಳನ್ನು ನೋಡಿಕೊಳ್ಳುವ ಇಲ್ಲಿನ ಕೇಂದ್ರ ಸಂಸ್ಥೆ ಎಫ್‌ಡಿಎಯ ನಿಯಮ. ಅಂದರೆ ನಿಮ್ಮಲ್ಲಿ ಏನೋ ಕಂಡಿತು ಅಂತ ಕಳಿಸಿದ ಪತ್ರ ಅದಲ್ಲ, ಎಲ್ಲರಿಗೂ ಹೋಗುತ್ತದೆ. ಈ ನಿಯಮದ ಹಿಂದೆ ದೊಡ್ಡ ಹೋರಾಟವಿದೆ. ಕನೆಕ್ಟಿಕಟ್‌ನ ನ್ಯಾನ್ಸಿ ಕ್ಯಾಪೆಲ್ಲೊ ಅವರಿಗೆ ಮ್ಯಾಮೋಗ್ರಾಂ ನಾರ್ಮಲ್ ಎಂದು ಹೇಳಿದ ಕೆಲವೇ ವಾರಗಳಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ಪತ್ತೆಯಾಯಿತು. ತಮ್ಮದು ಡೆನ್ಸ್ ಸ್ತನ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಪ್ರಯತ್ನದಿಂದಲೇ 2009ರಲ್ಲಿ ಆ ರಾಜ್ಯದಲ್ಲಿ ಮೊದಲ ಕಾನೂನು ಬಂತು.

ಈಗ ಮುಖ್ಯ ಮಾತು. ಸ್ತನದಲ್ಲಿ ಕೊಬ್ಬು ಇರುತ್ತದೆ, ಹಾಲಿನ ಗ್ರಂಥಿಗಳು ಮತ್ತು ಅವನ್ನು ಹಿಡಿದಿಡುವ ನಾರಿನಂಥ ಅಂಗಾಂಶವೂ ಇರುತ್ತದೆ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಮತ್ತು ನಾರು ಬೆಳ್ಳಗೆ ಕಾಣುತ್ತವೆ. ತೊಂದರೆ ಏನೆಂದರೆ ಕ್ಯಾನ್ಸರ್ ಗಂಟೂ ಬೆಳ್ಳಗೇ ಕಾಣುತ್ತದೆ. ಕೊಬ್ಬು ಹೆಚ್ಚಿದ್ದರೆ ಗಂಟು ಎದ್ದು ಕಾಣುತ್ತದೆ. ಗ್ರಂಥಿ, ನಾರು ಹೆಚ್ಚಿದ್ದರೆ ಬೆಳ್ತಿಗೆ ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ. ಕೈಯಿಂದ ಮುಟ್ಟಿ ನೋಡಿ ಡೆನ್ಸಿಟಿ ಹೇಳಲು ಯಾರಿಂದಲೂ ಆಗದು. ಗಟ್ಟಿಯಾಗಿದೆ, ಮೆತ್ತಗಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿಮಗೆ ಬರುವ ಪತ್ರದಲ್ಲಿ ಡೆನ್ಸ್, ಡೆನ್ಸ್ ಅಲ್ಲ ಎಂಬ ಎರಡೇ ಮಾತಿರುತ್ತದೆ. ಆದರೆ ಡಾಕ್ಟರಿಗೆ ಹೋಗುವ ರಿಪೋರ್ಟಿನಲ್ಲಿ ನಾಲ್ಕು ದರ್ಜೆಗಳಿವೆ. ಪೇಷೆಂಟ್ ಪೋರ್ಟಲ್‌ನಲ್ಲಿ ಆ ರಿಪೋರ್ಟನ್ನೇ ತೆರೆದು ನೋಡಿ. ಎ ಅಂದರೆ ಬಹುತೇಕ ಕೊಬ್ಬು. ಬಿ ಅಂದರೆ ಅಲ್ಲಲ್ಲಿ ಚದುರಿದ ಗ್ರಂಥಿ. ಸಿ ಅಂದರೆ ‘ಹೆಟೆರೋಜೀನಿಯಸ್ಲಿ ಡೆನ್ಸ್’, ಸಣ್ಣ ಗಂಟು ಮರೆಯಾಗಬಹುದು. ಡಿ ಅಂದರೆ ‘ಎಕ್ಸ್‌ಟ್ರೀಮ್ಲಿ ಡೆನ್ಸ್’, ಮ್ಯಾಮೋಗ್ರಾಂನ ಶಕ್ತಿಯೇ ಕುಗ್ಗುತ್ತದೆ. ಪರೀಕ್ಷೆ ಮಾಡಿಸಿಕೊಳ್ಳುವ ಹತ್ತು ಹೆಂಗಸರಲ್ಲಿ ಸುಮಾರು ನಾಲ್ವರು ಸಿ, ಒಬ್ಬರು ಡಿ. ಹಾಗಾಗಿ ಡೆನ್ಸ್ ಎನ್ನುವುದು ರೋಗವಲ್ಲ, ಅಪರೂಪವೂ ಅಲ್ಲ. ಬಿ ಮತ್ತು ಸಿ ನಡುವಿನ ಗೆರೆ ನೋಡುವವರ ಕಣ್ಣಿನ ಮೇಲೆ ನಿಂತಿದೆ. ಹೋದ ವರ್ಷ ಬಿ ಇದ್ದದ್ದು ಈ ವರ್ಷ ಸಿ ಆದರೆ, ಓದಿದ ರೇಡಿಯಾಲಜಿಸ್ಟ್ ಬೇರೆ ಎಂಬಷ್ಟೇ ಕಾರಣ ಇರಬಹುದು. ವಯಸ್ಸಾದಂತೆ, ಮುಟ್ಟು ನಿಂತ ಮೇಲೆ ಡೆನ್ಸಿಟಿ ಸಾಮಾನ್ಯವಾಗಿ ಇಳಿಯುತ್ತದೆ, ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಏರಬಹುದು.

ಇದೇ ರಿಪೋರ್ಟಿನ ಕೊನೆಗೆ ಬೈರಾಡ್ಸ್ ಎಂದು 0ಯಿಂದ 6ರವರೆಗಿನ ಒಂದು ಅಂಕಿ ಇರುತ್ತದೆ. ನಮ್ಮವರು ಎಡವುವುದು ಇಲ್ಲೇ. ಬೈರಾಡ್ಸ್ 1 ಅಂದರೆ ಕ್ಯಾನ್ಸರಿನ ಒಂದನೇ ಸ್ಟೇಜ್ ಎಂದು ತಿಳಿದು ರಾತ್ರಿಯೆಲ್ಲ ಅತ್ತವರನ್ನು ನೋಡಿದ್ದೇನೆ. 1 ಅಂದರೆ ಸಂಶಯದ್ದು ಏನೂ ಕಂಡಿಲ್ಲ, 2 ಅಂದರೆ ಕಂಡದ್ದು ನಿರಪಾಯಕಾರಿ. 0 ಅಂದರೆ ಇನ್ನೂ ಚಿತ್ರ ಬೇಕು ಅಥವಾ ಹಳೆಯದರ ಜೊತೆ ಹೋಲಿಸಬೇಕು, ಬನ್ನಿ ಎಂದು. ಅಕ್ಷರ ಹೇಳುವುದು ಚಿತ್ರ ಎಷ್ಟು ನಿಚ್ಚಳ ಎಂದು, ಅಂಕಿ ಹೇಳುವುದು ಚಿತ್ರದಲ್ಲಿ ಏನು ಕಂಡಿತು ಎಂದು. ‘ಸಿ’ ಜೊತೆ ‘1’ ಇದ್ದರೆ: ಏನೂ ಕಾಣಲಿಲ್ಲ, ಆದರೆ ನೋಟ ಪೂರ್ತಿ ತಿಳಿಯಾಗಿರಲಿಲ್ಲ.

ಎಷ್ಟು ತಿಳಿಯಾಗಿರಲಿಲ್ಲ? 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಕೊಬ್ಬಿನ ಸ್ತನಗಳಲ್ಲಿ ಇದ್ದ ಕ್ಯಾನ್ಸರುಗಳಲ್ಲಿ ಶೇ. 87ರಷ್ಟನ್ನು ಮ್ಯಾಮೋಗ್ರಾಂ ಹಿಡಿದಿತ್ತು, ತೀರಾ ಡೆನ್ಸ್ ಇದ್ದಲ್ಲಿ ಶೇ. 63ರಷ್ಟನ್ನು. ಇದರ ಮೇಲೆ, ಡೆನ್ಸಿಟಿ ತಾನೇ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ. ಈ ಹೆಚ್ಚಳ ಡಿ ದರ್ಜೆಯಲ್ಲಿ ಗಣನೀಯ, ಸಿ ದರ್ಜೆಯಲ್ಲಿ ಅಲ್ಪ. ಸಲಹೆ ಬದಲಾಗುವುದು ಈ ಎರಡು ಕಾರಣ ಸೇರಿ. ಹಾಗಾಗಿ ಸಿ ಮತ್ತು ಡಿ ಎರಡನ್ನೂ ‘ಡೆನ್ಸ್’ ಎಂಬ ಒಂದೇ ಮೂಟೆಗೆ ಹಾಕಬೇಡಿ, ನಿಮ್ಮ ಅಕ್ಷರ ಯಾವುದೆಂದು ಕೇಳಿ ತಿಳಿಯಿರಿ.

ಒಂದು ಉದಾಹರಣೆ ನೋಡೋಣ. ದಾವಣಗೆರೆಯಿಂದ ಬಂದ ಸವಿತಾಗೆ 46 ವರ್ಷ ಅಂತಿಟ್ಟುಕೊಳ್ಳಿ. ರಿಪೋರ್ಟ್ ಸಿ, ಬೈರಾಡ್ಸ್ 1. ಡಾಕ್ಟರ್ ಮಾಡಬೇಕಾದ ಮೊದಲ ಕೆಲಸ ಅವಳ ಜೀವಮಾನದ ಅಪಾಯವನ್ನು ಲೆಕ್ಕ ಹಾಕುವುದು. ಗೇಲ್ ಎಂಬ ಹಳೆಯ ಲೆಕ್ಕದಲ್ಲಿ ಡೆನ್ಸಿಟಿ ಸೇರುವುದಿಲ್ಲ, ಟೈರರ್ ಕ್ಯೂಜಿಕ್‌ನ ಹೊಸ ಆವೃತ್ತಿಯಲ್ಲಿ ಸೇರುತ್ತದೆ. ಹಾಗಾಗಿ ಯಾವ ಲೆಕ್ಕ ಎಂದು ಕೇಳುವುದು ತಪ್ಪಲ್ಲ. ಅವಳು ಫಾರಂನಲ್ಲಿ ಮನೆಯವರ ಕಾಯಿಲೆಯ ಜಾಗ ಖಾಲಿ ಬಿಟ್ಟಿದ್ದಾಳೆ. ಊರಿಗೆ ಫೋನ್ ಮಾಡಿದರೆ ಅಮ್ಮ ಹೇಳುತ್ತಾರೆ, “ನಿಮ್ಮ ಸೋದರತ್ತೆಗೆ ಎದೆಯಲ್ಲಿ ಗಡ್ಡೆ ಆಗಿ ಆಪರೇಷನ್ ಆಗಿತ್ತಲ್ಲ, ನಿಂಗೆ ಮದುವೆ ಮಾತುಕತೆ ನಡೀತಿತ್ತು ಅಂತ ಹೇಳಿರ್ಲಿಲ್ಲ.” ಅಪ್ಪನ ಕಡೆಯ ಕಾಯಿಲೆಯೂ ಅಮ್ಮನ ಕಡೆಯದರಷ್ಟೇ ಲೆಕ್ಕಕ್ಕೆ ಬರುತ್ತದೆ. ಯಾರಿಗೆ, ಯಾವ ವಯಸ್ಸಿನಲ್ಲಿ ಎಂದು ಕೇಳಿ ಬರೆದಿಡಿ. ಗಂಡನ ಮನೆಯವರದು ಬೇಡ.

ಲೆಕ್ಕ ಶೇ. 20 ದಾಟಿದರೆ, ಮ್ಯಾಮೋಗ್ರಾಂ ಜೊತೆಗೆ ಪ್ರತಿವರ್ಷ ಎಂಆರ್‌ಐ ಎನ್ನುವುದು ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸಲಹೆ. ಅದಕ್ಕಿಂತ ಕೆಳಗಿದ್ದು ಸಿ ಇದ್ದರೆ ದಾರಿ ಕವಲೊಡೆಯುತ್ತದೆ. 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಎನ್ನುವ ಸರ್ಕಾರಿ ತಜ್ಞರ ತಂಡ, ಡೆನ್ಸ್ ಸ್ತನಕ್ಕೆ ಹೆಚ್ಚುವರಿ ಪರೀಕ್ಷೆ ಬೇಕೇ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು 2024ರಲ್ಲಿ ಹೇಳಿದೆ. ರೇಡಿಯಾಲಜಿಸ್ಟರ ಸಂಘ ಪ್ರತಿವರ್ಷ ಮಾಡಿಸಿ, ಹೆಚ್ಚುವರಿ ಪರೀಕ್ಷೆಯನ್ನೂ ಯೋಚಿಸಿ ಎನ್ನುತ್ತದೆ. ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ ಗಾಬರಿ ಬೇಡ, ಇದೇ ಕಾರಣ. ಅಲ್ಟ್ರಾಸೌಂಡ್ ಸಾವಿರ ಹೆಂಗಸರಲ್ಲಿ ಇನ್ನೆರಡು ಮೂರು ಕ್ಯಾನ್ಸರ್ ಹಿಡಿಯಬಹುದು, ಆದರೆ ಕ್ಯಾನ್ಸರ್ ಅಲ್ಲದ್ದಕ್ಕೂ ಬಯಾಪ್ಸಿ ಹೆಚ್ಚಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಸಿ ಇದ್ದು ಮನೆತನದಲ್ಲಿ ಕಾಯಿಲೆ ಇಲ್ಲದವರು ಹಲವು ಕೋನಗಳಿಂದ ಚಿತ್ರ ತೆಗೆಯುವ ತ್ರೀಡಿ ಮ್ಯಾಮೋಗ್ರಾಂ ಅನ್ನು ವರ್ಷಕ್ಕೊಮ್ಮೆ ತಪ್ಪಿಸದಿರುವುದೇ ದೊಡ್ಡದು.

ಡಿ ಇದ್ದರೆ ನಾನು ಎಂಆರ್‌ಐ ಬಗ್ಗೆ ಗಟ್ಟಿಯಾಗಿ ಕೇಳಿ ಎನ್ನುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿ 50ರಿಂದ 75 ವಯಸ್ಸಿನ, ತೀರಾ ಡೆನ್ಸ್ ಸ್ತನದ ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಎರಡು ಪರೀಕ್ಷೆಗಳ ನಡುವೆ ತಾನಾಗಿ ಹೊರಬಿದ್ದ ಕ್ಯಾನ್ಸರುಗಳು ಬರೀ ಮ್ಯಾಮೋಗ್ರಾಂ ಗುಂಪಿನಲ್ಲಿ ಸಾವಿರಕ್ಕೆ 5, ಎಂಆರ್‌ಐಗೆ ಆಹ್ವಾನ ಪಡೆದ ಗುಂಪಿನಲ್ಲಿ 2.5. ಆದರೆ ಮೊದಲ ಸುತ್ತಿನಲ್ಲಿ ಎಂಆರ್‌ಐ ಮಾಡಿಸಿಕೊಂಡ ಸಾವಿರದಲ್ಲಿ ಸುಮಾರು 80 ಜನಕ್ಕೆ ಸುಳ್ಳು ಎಚ್ಚರಿಕೆಯೂ ಬಂದಿತ್ತು. ಅದಕ್ಕೂ ಮನಸ್ಸು ಸಿದ್ಧವಿರಲಿ.

ದುಡ್ಡಿನ ಮಾತು. ಯಾವ ತೊಂದರೆಯೂ ಇಲ್ಲದಿದ್ದಾಗ ಮಾಡಿಸುವ ಸ್ಕ್ರೀನಿಂಗ್ ಮ್ಯಾಮೋಗ್ರಾಂ ಹೆಚ್ಚಿನ ಇನ್ಶೂರೆನ್ಸ್‌ಗಳಲ್ಲಿ ಉಚಿತ. ಡೆನ್ಸಿಟಿಗಾಗಿ ಮಾಡುವ ಅಲ್ಟ್ರಾಸೌಂಡ್, ಎಂಆರ್‌ಐ ರಾಜ್ಯದಿಂದ ರಾಜ್ಯಕ್ಕೆ, ಪ್ಲಾನಿನಿಂದ ಪ್ಲಾನಿಗೆ ಬೇರೆ. ಡಾಕ್ಟರ್ ಆಫೀಸಿನಿಂದ ಪರೀಕ್ಷೆಯ ಕೋಡ್ ಮತ್ತು ಕಾರಣದ ಕೋಡ್ ಎರಡನ್ನೂ ಪಡೆದು, ಅಪಾಯಿಂಟ್‌ಮೆಂಟಿಗೆ ಮೊದಲೇ ಇನ್ಶೂರೆನ್ಸಿಗೆ ಫೋನ್ ಮಾಡಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮುಂಚೆ ಮ್ಯಾಮೋಗ್ರಾಂ ಆಗಿದ್ದರೆ ಬರೀ ರಿಪೋರ್ಟ್ ಸಾಲದು, ಚಿತ್ರಗಳ ಸಿಡಿಯನ್ನೇ ಅಲ್ಲಿಂದ ತರಿಸಿ. ಡೆನ್ಸ್ ಸ್ತನದಲ್ಲಿ ಹೋಲಿಸಲು ಹಳೆಯ ಚಿತ್ರವಿದ್ದರೆ ಎಷ್ಟೋ ಸಲ ಮತ್ತೆ ಕರೆಸುವುದೇ ತಪ್ಪುತ್ತದೆ.

ರಿಪೋರ್ಟ್ ನಾರ್ಮಲ್ ಬಂದ ಮೇಲೂ ಗಂಟು ಕೈಗೆ ಸಿಕ್ಕರೆ, ತೊಟ್ಟು ಒಳಗೆ ಎಳೆದುಕೊಂಡರೆ, ರಕ್ತ ಜಿನುಗಿದರೆ ಮುಂದಿನ ವರ್ಷದವರೆಗೆ ಕಾಯಬೇಡಿ. ಫೋನ್ ಮಾಡಿ ‘ಸ್ಕ್ರೀನಿಂಗ್’ ಅನ್ನಬೇಡಿ, ನಿಮಗೆ ಕಂಡದ್ದನ್ನು ಹೇಳಿ ‘ಡಯಾಗ್ನೋಸ್ಟಿಕ್’ ಬೇಕು ಅನ್ನಿ. ಆಗ ರೇಡಿಯಾಲಜಿಸ್ಟ್ ಆ ಜಾಗವನ್ನೇ ಗುರಿಯಿಟ್ಟು ನೋಡುತ್ತಾರೆ, ಬೇಕಾದರೆ ಅವತ್ತೇ ಅಲ್ಟ್ರಾಸೌಂಡ್ ಮಾಡುತ್ತಾರೆ.