ಪರಾತದ ಕಡಲೆಕಾಳು ಮತ್ತು ಕಣ್ಣು ಕಟ್ಟಿದ ವಾಹಕ

ಗದಗ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಜೀವಕೋಶದ ಪೊರೆಯಲ್ಲಿ ಕೂತು ಗ್ಲೂಕೋಸ್‌ನಂಥ ವಸ್ತುವನ್ನು ದಾಟಿಸುವುದು ವಾಹಕ ಪ್ರೋಟೀನ್. ಹೊರಗೆ ಆ ವಸ್ತುವಿನ ಸಾಂದ್ರತೆ ಏರಿದಂತೆ ಸಾಗಾಟದ ವೇಗ ಹೇಗೆ ಬದಲಾಗುತ್ತದೆ ಎಂಬ ಗ್ರಾಫ್ ಬರೆಯಿರಿ ಎಂದರೆ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಮೊದಲು ಏರುವ ಗೆರೆ, ಆಮೇಲೆ ಮಟ್ಟಸ. ಯಾಕೆ ಮಟ್ಟಸವಾಯಿತು ಎಂದು ಕೇಳಿದರೆ ಮಾತ್ರ ಉತ್ತರ ತಪ್ಪುತ್ತದೆ. "ಎರಡೂ ಕಡೆ ಸಮ ಆತಲ್ರೀ ಸರ್, ಅದಕ್ಕ ನಿಂತೈತಿ" ಎನ್ನುತ್ತಾರೆ. ಎರಡೂ ಕಡೆ ಸಮವಾದರೆ ಒಟ್ಟು ಸಾಗಾಟ ಸೊನ್ನೆಗೆ ಇಳಿಯಬೇಕು. ಇಲ್ಲಿ ಸಾಗಾಟ ನಿಂತಿಲ್ಲ, ಪೂರ್ತಿ ವೇಗದಲ್ಲಿ ನಡೀತಾ ಇದೆ. ವೇಗ ಹೆಚ್ಚಾಗೋದು ಮಾತ್ರ ನಿಂತಿದೆ. ಈ ವ್ಯತ್ಯಾಸವನ್ನು ಬಾಯಲ್ಲಿ ಹೇಳಿ ಸಾಕಾಗಿ, ಕೈಯಲ್ಲಿ ಮಾಡಿಸಿ ನೋಡಿದೆ.

ಬೇಕಾದದ್ದು ಒಂದು ಅಗಲ ಪರಾತ, ಕಡಲೆಕಾಳು, ಒಂದು ಬಟ್ಟಲು, ಕಣ್ಣಿಗೆ ಕಟ್ಟಲು ಕರವಸ್ತ್ರ. ಕಣ್ಣು ಕಟ್ಟಿದ ಹುಡುಗನೇ ವಾಹಕ. ಅವನು ಒಂದೇ ಬೆರಳಿನಿಂದ ಪರಾತದಲ್ಲಿ ಅಲ್ಲಿ ಇಲ್ಲಿ ಮುಟ್ಟಿ ನೋಡಬೇಕು. ಕಾಳು ಸಿಕ್ಕರೆ ಎತ್ತಿ ಆಚೆ ಬಟ್ಟಲಿಗೆ ಹಾಕಿ ಮತ್ತೆ ಬರಬೇಕು. ಸಲಕ್ಕೆ ಒಂದೇ ಕಾಳು. ಒಂದು ನಿಮಿಷದಲ್ಲಿ ಎಷ್ಟು ಸಾಗಿತು ಎಂದು ಎಣಿಸುವುದು.

ಮೊದಲ ಸಲ ಕೆಟ್ಟಿತು. 10 ಕಾಳು ಹಾಕಿ ಬಿಟ್ಟಿದ್ದೆ. ನಾಲ್ಕೈದು ಎತ್ತುವಷ್ಟರಲ್ಲಿ ಪರಾತ ಅರ್ಧ ಬರಿದಾಗಿ ಹುಡುಕಾಟ ಜಾಸ್ತಿಯಾಯಿತು. ಹಿಂದಿನ ಬೆಂಚಿನಿಂದ ಒಬ್ಬಳು, "ಕಾಳು ಖಾಲಿ ಆಗಾಕ ಹತ್ಯಾವ್ರೀ ಸರ್" ಎಂದಳು. ಅವಳ ಮಾತು ಸರಿ. ನಾವು ಅಳೆಯುತ್ತಿದ್ದ ಸಾಂದ್ರತೆಯೇ ಇಳಿಯುತ್ತಿತ್ತು. ಆಮೇಲೆ ಅವಳನ್ನೇ ಪಕ್ಕದಲ್ಲಿ ನಿಲ್ಲಿಸಿದೆ. ಒಂದು ಕಾಳು ಹೋದರೆ ಒಂದು ಹಾಕುವುದು ಅವಳ ಕೆಲಸ. ಇನ್ನೊಂದು ತೊಂದರೆ ಅಂದರೆ ಹುಡುಗನ ಕೈ ಪಳಗುತ್ತಾ ಹೋಗುತ್ತದೆ. ಅದಕ್ಕೆ ಐದಾರು ನಿಮಿಷ ಮೊದಲೇ ರೂಢಿ ಮಾಡಿಸಿ, ಕಾಳಿನ ಸಂಖ್ಯೆಯನ್ನು ಹಿಂದೆಮುಂದೆ ಮಾಡಿ ಕೊಟ್ಟೆ.

ಆಗ ಸಿಕ್ಕ ಲೆಕ್ಕ ಹೀಗಿತ್ತು. ಪರಾತದಲ್ಲಿ 10 ಕಾಳಿದ್ದಾಗ ನಿಮಿಷಕ್ಕೆ 10 ಸಾಗಿದವು. 20 ಇದ್ದಾಗ 15. 40 ಇದ್ದಾಗ 20. 80 ಇದ್ದಾಗ 24. 160 ಹಾಕಿದರೂ 26.

ಇದನ್ನು ಸೆಕೆಂಡಿಗೆ ತಿರುಗಿಸಿದಾಗ ಗುಟ್ಟು ಬಯಲಾಯಿತು. 10 ಕಾಳಿದ್ದಾಗ ಒಂದಕ್ಕೆ 6 ಸೆಕೆಂಡ್ ಹಿಡಿದಿದೆ. 160 ಇದ್ದಾಗ 2.3 ಸೆಕೆಂಡ್. ಹುಡುಕುವ ಹೊತ್ತು ಕಾಳು ಜಾಸ್ತಿ ಆದಂತೆ ಕರಗುತ್ತದೆ. ಎತ್ತಿ, ಹಾಕಿ, ವಾಪಸ್ ಬರುವ ಸುಮಾರು 2 ಸೆಕೆಂಡ್ ಮಾತ್ರ ಕರಗುವುದಿಲ್ಲ. ಪರಾತದಲ್ಲಿ ಸಾವಿರ ಕಾಳು ಸುರಿದರೂ ನಿಮಿಷಕ್ಕೆ 30 ದಾಟಲ್ಲ. ಅದರ ಅರ್ಧ, ಅಂದರೆ 15, ಬಂದದ್ದು 20 ಕಾಳಿನ ಹತ್ತಿರ. ಎರಡನೇ ಹುಡುಗನನ್ನು ಕಣ್ಣು ಕಟ್ಟಿ ಕೂರಿಸಿದ ಕೂಡಲೇ ಸಾಗಾಟ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕಾಳು ಸುರಿದು ಆಗದ್ದು ವಾಹಕ ಸೇರಿಸಿ ಆಯಿತು. ಸಮಸ್ಥಿತಿ ಅಲ್ಲ, ವಾಹಕಗಳಿಗೆ ಪುರುಸೊತ್ತಿಲ್ಲ ಎಂಬುದಕ್ಕೆ ಇದೇ ಪುರಾವೆ.

ಕೆಂಪು ರಕ್ತಕಣದ ಪೊರೆಯಲ್ಲಿರುವ ಗ್ಲುಟ್-1 ಎಂಬ ವಾಹಕ ಮಾಡುವುದೂ ಇದನ್ನೇ. ಗ್ಲೂಕೋಸ್ ಬಂದು ಅಂಟಬೇಕು, ಪ್ರೋಟೀನ್ ಆಕಾರ ಬದಲಿಸಿ ಒಳಕ್ಕೆ ಬಾಯಿ ತೆರೆಯಬೇಕು, ಬಿಟ್ಟು ಮತ್ತೆ ಹೊರಗೆ ತಿರುಗಬೇಕು. ಅರ್ಧ ವೇಗ ಸಿಗುವ ಸಾಂದ್ರತೆ ಅಳೆಯುವ ರೀತಿಯ ಮೇಲೆ ಬದಲಾಗುತ್ತದೆ. 1.5 ಮಿಲಿಮೋಲಾರ್ ಎಂದು ಹಿಡಿದು ಮಕ್ಕಳಿಂದ ಲೆಕ್ಕ ಮಾಡಿಸಿದೆ. ರಕ್ತದಲ್ಲಿ ಗ್ಲೂಕೋಸ್ ಸುಮಾರು 5 ಇದ್ದಾಗ ವೇಗ ಗರಿಷ್ಠದ 77 ಶೇಕಡ. 10 ಆದಾಗ 87. ಹೊರಗೆ ಸಕ್ಕರೆ ಇಮ್ಮಡಿಯಾದರೂ ಒಳಗೆ ಹೋಗುವುದು ಅಷ್ಟೇನೂ ಏರಲ್ಲ, ಅಲ್ವಾ?

ಆಟಕ್ಕೆ ಒಂದು ಮಿತಿ ಇದೆ. ನಮ್ಮ ಹುಡುಗ ಯಾವಾಗಲೂ ಬರಿಗೈಯಲ್ಲೇ ವಾಪಸ್ ಬರುತ್ತಾನೆ. ನಿಜವಾದ ವಾಹಕ ಒಳಗಿನ ಗ್ಲೂಕೋಸನ್ನು ಹೊತ್ತು ಹೊರಗೂ ತರಬಲ್ಲದು.

ಪೊರೆಯಲ್ಲಿ ತೆರೆದ ದಾರಿಯಂತಿರುವ ಚಾನೆಲ್ ಪ್ರೋಟೀನ್ ತೋರಿಸಲು ಬಾಟಲಿ ಕತ್ತರಿಸಿ ಆಲಿಕೆ ಮಾಡಿ ಹೆಸರುಕಾಳು ಸುರಿದೆ. ಅದನ್ನು ಬಿಡಬೇಕಾಯಿತು. ಆಲಿಕೆ ತುಂಬಿದ್ದರೂ ಅರ್ಧ ಇದ್ದರೂ ಕಾಳು ಒಂದೇ ವೇಗದಲ್ಲಿ ಬೀಳುತ್ತದೆ, ಸಾಂದ್ರತೆಯ ಮಾತೇ ಬರಲ್ಲ. ಸುಮ್ನೆ ಬೋರ್ಡಿನ ಮೇಲೆ ಸಂಖ್ಯೆ ಬರೆದೆ. ಗ್ಲೂಕೋಸ್ ವಾಹಕ ಸೆಕೆಂಡಿಗೆ ಸಾವಿರದ ಆಸುಪಾಸು ಸಾಗಿಸುತ್ತದೆ. ತೆರೆದ ಅಯಾನ್ ಚಾನೆಲ್‌ನಲ್ಲಿ ಕೋಟಿಗಟ್ಟಲೆ ಹಾಯುತ್ತವೆ, ಪ್ರತಿ ಅಯಾನಿಗೂ ಅದು ಆಕಾರ ಬದಲಿಸಬೇಕಿಲ್ಲ. ನೀರಿನ ಚಾನೆಲ್ ಆದ ಒಂದು ಅಕ್ವಾಪೊರಿನ್‌ನಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತವೆ, ಪ್ರೋಟಾನ್ ಮಾತ್ರ ದಾಟದು. 1992ರಲ್ಲಿ ಪೀಟರ್ ಅಗ್ರೆ ತಂಡ ಈ ಪ್ರೋಟೀನನ್ನು ಕಪ್ಪೆಯ ಅಂಡಕೋಶದಲ್ಲಿ ತಯಾರಾಗುವಂತೆ ಮಾಡಿತು. ಆ ಅಂಡಕೋಶವನ್ನು ತೆಳು ದ್ರಾವಣಕ್ಕೆ ಹಾಕಿದಾಗ ನೀರು ಒಳನುಗ್ಗಿ ಊದಿಕೊಂಡು ಒಡೆಯಿತು. ಅಕ್ವಾಪೊರಿನ್ ಇಲ್ಲದ ಅಂಡಕೋಶ ಹಾಗೇ ಇತ್ತು.

"ಹಂಗಾದ್ರ ಅಕ್ವಾಪೊರಿನ್ ಗೆರಿ ಯಾವಾಗ ಮಟ್ಟಸ ಆಗ್ತೈತ್ರೀ?" ಎಂದು ಅದೇ ಹುಡುಗಿ ಕೇಳಿದಳು. ನೀರಿನ ಸಾಂದ್ರತೆ ಎರಡೂ ಕಡೆ 55 ಮೋಲಾರ್ ಹತ್ತಿರ ಇರುತ್ತದೆ. ಅದನ್ನು ಗ್ಲೂಕೋಸ್‌ನಂತೆ 1, 2, 5 ಎಂದು ಏರಿಸುತ್ತಾ ಹೋಗಲು ಬರುವುದಿಲ್ಲ. ಅಲ್ಲಿ ನಾವು ಬದಲಿಸುವುದು ಪೊರೆಯ ಎರಡು ಕಡೆ ಕರಗಿರುವ ವಸ್ತುಗಳ ಪ್ರಮಾಣದ ವ್ಯತ್ಯಾಸವನ್ನು, ಅಂದರೆ ಆಸ್ಮಾಟಿಕ್ ವ್ಯತ್ಯಾಸವನ್ನು. ಸಾಮಾನ್ಯವಾಗಿ ಅದು ಎಷ್ಟು ಏರುತ್ತದೋ ನೀರಿನ ಹರಿವೂ ಅಷ್ಟೇ ಏರುತ್ತದೆ. ಅವಳ ನೋಟ್‌ಬುಕ್ಕಿನಲ್ಲಿ ಬಾಗುವ ಗೆರೆಯ ಪಕ್ಕ ಒಂದು ನೇರ ಗೆರೆ ಎಳೆಸಿದೆ.