ಒಂದು ಕಥೆ, ಮೂರು ಲಿಂಕು: ನಮ್ಮ ಪುಸ್ತಕದಂಗಡಿ ನ್ಯೂಸ್‌ಲೆಟರ್ ಬಿಚ್ಚಿ ಮತ್ತೆ ಕಟ್ಟಿದ್ದು

ಮನೆ ಹತ್ರ ಇರೋ ಪುಟ್ಟ ಪುಸ್ತಕದಂಗಡಿಗೆ ತಿಂಗಳಿಗೊಂದು ಇಮೇಲ್ ರೆಡಿ ಮಾಡ್ಕೊಡೋದು ನನ್ನ ಕೆಲಸ. ಮೊದಲಿದ್ದ ಲೇಔಟನ್ನೂ ನಾನೇ ಮಾಡಿದ್ದು, ಲ್ಯಾಪ್‌ಟಾಪಲ್ಲಿ ನೋಡಿದ್ರೆ ಮ್ಯಾಗಜೀನ್ ಥರ ಚೆನ್ನಾಗೇ ಇತ್ತು: ಮೇಲೆ ಕಾರ್ಯಕ್ರಮದ ಪೋಸ್ಟರು, ಕೆಳಗೆ ಎರಡು ಕಾಲಮ್‌ನಲ್ಲಿ ಹನ್ನೊಂದು ಮುಖಪುಟ, ಪ್ರತಿಯೊಂದಕ್ಕೂ ಒಂದು ಲಿಂಕು, ಫೂಟರ್‌ನಲ್ಲಿ ಸೋಷಿಯಲ್ ಮೀಡಿಯಾ ಐಕಾನ್‌ಗಳ ಸಾಲು. ಒಂದಿನ ಅಂಗಡಿಗೆ ಬಂದ ಆಂಟಿ ಒಬ್ರು "ಏನಪ್ಪಾ, ನೀವ್ ಕಳ್ಸೋದನ್ನ ಓದೋಕೆ ಭೂತಕನ್ನಡಿ ಬೇಕು" ಅಂತ ಫೋನ್ ತೆಗ್ದು ನನ್ ಮುಖಕ್ಕೇ ಹಿಡಿದ್ರು. ನೋಡಿದೆ, ನಿಜಕ್ಕೂ ಇರುವೆ ಸಾಲು.

ಯಾಕೆ ಹಂಗಾಯ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ಪೋಸ್ಟರ್ 600 ಪಿಕ್ಸೆಲ್ ಅಗಲಕ್ಕೆ ಮಾಡಿದ್ದು, ಅದರೊಳಗಿನ ಅಕ್ಷರ 16 ಪಿಕ್ಸೆಲ್. ಫೋನ್ ಪರದೆ ಅಗಲ 360 ಅಂತ ಇಟ್ಕೊಂಡ್ರೆ ಎರಡೂ ಕಡೆ 16 ಪಿಕ್ಸೆಲ್ ಜಾಗ ಬಿಟ್ಟ ಮೇಲೆ ಉಳಿಯೋದು 328. ಅಂದ್ರೆ ಚಿತ್ರ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತೆ, ಅದರೊಳಗಿನ ಅಕ್ಷರನೂ 9 ಪಿಕ್ಸೆಲ್‌ಗಿಂತ ಕಮ್ಮಿ ಆಗುತ್ತೆ. ಚಿತ್ರದೊಳಗೆ ಬರೆದಿದ್ದನ್ನ ಫೋನ್ ಸೆಟ್ಟಿಂಗಲ್ಲಿ ಫಾಂಟ್ ದೊಡ್ಡದು ಮಾಡ್ಕೊಂಡೋರಿಗೂ ದೊಡ್ಡದು ಮಾಡಿ ತೋರ್ಸೋಕಾಗಲ್ಲ, ಅದು ಬರೀ ಚಿತ್ರ. ಸೋ ಮೊದಲ ನಿರ್ಧಾರ ಅಲ್ಲೇ ಆಗೋಯ್ತು, ಓದಬೇಕಾಗಿರೋದೆಲ್ಲ ಟೆಕ್ಸ್ಟ್ ಆಗೇ ಇರ್ಬೇಕು, ಚಿತ್ರ ಇದ್ರೆ ಒಂದೇ, ಅದೂ ಬರ್ದೇ ಹೋದ್ರೂ ವಿಷ್ಯ ಗೊತ್ತಾಗ್ಬೇಕು.

ಈಗಿನ ಲೇಔಟ್ ಪೂರ್ತಿ ಒಂದೇ ಕಾಲಮ್. ಮೇಲೆ ಅಂಗಡಿ ಹೆಸರು, ಅದರ ಕೆಳಗೆ ಕಥೆಯ ಹೆಡಿಂಗು, ಎರಡು ಸಾಲು ಪೀಠಿಕೆ, ಆಮೇಲೆ ಚಿತ್ರ, ಆಮೇಲೆ ಉಳಿದ ಕಥೆ, ಒಂದು ಬಟನ್. ಚಿತ್ರನ ಹೆಡಿಂಗ್‌ಗಿಂತ ಮೇಲೆ ಇಡಬಾರ್ದು ಅನ್ನೋದು ನನ್ನ ಹಠ, ಯಾಕಂದ್ರೆ ಇಮೇಜ್ ಬ್ಲಾಕ್ ಆಗಿರೋರಿಗೆ ತೆಗೆದ ತಕ್ಷಣ ಕಾಣೋದು ದೊಡ್ಡ ಖಾಲಿ ಡಬ್ಬ. ಇಡೀ ಚೌಕಟ್ಟು ಇಷ್ಟೇ:

```html
<table role="presentation" width="100%"
  style="max-width:600px;margin:0 auto">
  <tr><td style="padding:16px;font-size:18px;line-height:1.6">
    ಕಥೆ ಇಲ್ಲಿ
  </td></tr>
</table>
```

ಫೋನ್‌ಗೆ ಬೇರೆ, ಕಂಪ್ಯೂಟರ್‌ಗೆ ಬೇರೆ ಅಂತ `@media` ಬರೆಯೋ ಗೋಜಿಗೇ ಹೋಗ್ಲಿಲ್ಲ. ಜಿಮೇಲ್ ಆ್ಯಪ್‌ಗೆ ಬೇರೆ ಕಂಪನಿಯ ಮೇಲ್ ಅಕೌಂಟ್ ಸೇರಿಸ್ಕೊಂಡಿರೋರಿಗೆ ಅದು ಕೆಲ್ಸನೇ ಮಾಡಲ್ಲ. ಒಂದೇ ಕಾಲಮ್ ಆದ್ರೆ ಅದ್ರ ಅಗತ್ಯನೂ ಬೀಳಲ್ಲ, ಚಿಕ್ಕ ಪರದೇಲಿ ತಾನೇ ಕಿರಿದಾಗುತ್ತೆ. ಒಂದೇ ತಕರಾರು ಅಂದ್ರೆ ವಿಂಡೋಸ್‌ನ ಹಳೇ ಔಟ್‌ಲುಕ್, ಅದು ಒಳಗೆ ವರ್ಡ್ ಇಂಜಿನ್ ಬಳಸೋದ್ರಿಂದ `max-width` ಮಾತು ಕೇಳಲ್ಲ, ಸಾಲು ಪರದೆ ಉದ್ದಕ್ಕೂ ಹರಡುತ್ತೆ. ನಮ್ಮ ಓದುಗರಲ್ಲಿ ಅದನ್ನ ಬಳಸೋರು ಅಪರೂಪ, ಓದೋಕಂತೂ ಆಗುತ್ತೆ, ಬಿಟ್ಬಿಟ್ಟೆ.

ಆ `line-height` ಮೊದಲು 1.3 ಇತ್ತು, ಇಂಗ್ಲಿಷ್ ಟೆಂಪ್ಲೇಟಲ್ಲಿ ಇದ್ದಿದ್ದನ್ನ ಹಾಗೇ ಬಿಟ್ಟಿದ್ದೆ. ಕನ್ನಡಕ್ಕೆ ಅದು ಸಾಕಾಗಲ್ಲ ಕಣ್ರೀ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ, ಮೇಲಿನ ಸಾಲಲ್ಲಿ "ಸ್ತ್ರೀ" ಬಂದು ಅದರ ಕೆಳಗೇ "ಕೀಲಿ" ಬಂದ್ರೆ ಎರಡೂ ಒಂದಕ್ಕೊಂದು ಢಿಕ್ಕಿ ಹೊಡೆದಂಗೆ ಕಾಣುತ್ತೆ. 1.6ಕ್ಕೆ ಏರಿಸಿದ್ಮೇಲೆ ಉಸಿರಾಡ್ತು. ಚೆಂದದ ವೆಬ್ ಫಾಂಟ್ ಹಾಕೋ ಆಸೆನೂ ಬಿಟ್ಟೆ, ಜಿಮೇಲ್‌ನಲ್ಲಿ ಅದು ಬರೋದೇ ಇಲ್ಲ, ಫೋನಲ್ಲಿರೋ ಕನ್ನಡ ಫಾಂಟೇ ಬರೋದು, ಅದಕ್ಕೆ ತಕ್ಕಂಗೇ ಡಿಸೈನ್ ಮಾಡೋದು ವಾಸಿ.

ಈಗ ಲಿಂಕಿನ ವಿಷ್ಯ. ಇದಕ್ಕೇ ಓನರ್ ಅಕ್ಕನ ಜೊತೆ ಜಾಸ್ತಿ ಜಗಳ ಆಗಿದ್ದು. "ಹನ್ನೊಂದು ಪುಸ್ತಕ ಇದೆ, ಹನ್ನೊಂದೂ ತೋರ್ಸೋಣ" ಅಂತ ಅವರು. "ಅಕ್ಕ, ಈ ತಿಂಗಳು ಯಾರಾದ್ರೂ ಅಂಗಡಿಗೆ ಬಂದು ಒಂದೇ ಒಂದು ಪುಸ್ತಕ ಕೊಡಿ ಅಂದ್ರೆ ಯಾವ್ದು ಕೊಡ್ತೀರಿ?" ಅಂತ ಕೇಳಿದೆ. ತಕ್ಷಣ ಒಂದು ಹೆಸರು ಹೇಳಿ, ಯಾಕೆ ಅಂತ ಐದು ನಿಮಿಷ ಮಾತಾಡಿದ್ರು. ಅದನ್ನೇ ಬರ್ಕೊಂಡೆ, ಅದೇ ಆ ಸಂಚಿಕೆಯ ಮುಖ್ಯ ಕಥೆ ಆಯ್ತು, ಸುಮಾರು ಇನ್ನೂರೈವತ್ತು ಪದ. ಲಿಂಕ್ ಮೂರೇ: ಬಟನ್ "ನನಗೊಂದು ಪ್ರತಿ ತೆಗೆದಿಡಿ", ಕಥೆ ಮುಗಿದ ಮೇಲೆ ಒಂದು ಸಾಲಲ್ಲಿ ಈ ತಿಂಗಳ ಕಾರ್ಯಕ್ರಮ, ಕೊನೆಗೆ ಅಂಗಡಿಗೆ ದಾರಿ ತೋರ್ಸೋ ಮ್ಯಾಪ್. ಅನ್‌ಸಬ್‌ಸ್ಕ್ರೈಬ್ ಇದ್ದೇ ಇರ್ಬೇಕು, ಅದನ್ನ ಲೆಕ್ಕಕ್ಕೆ ಸೇರಿಸಿಲ್ಲ. ಬಟನ್‌ನ ಚಿತ್ರವಾಗಿ ಮಾಡ್ದೆ ಬಣ್ಣ ಹಾಕಿದ ಟೆಕ್ಸ್ಟಾಗೇ ಮಾಡಿದೆ, ಹೆಬ್ಬೆರಳಿಗೆ ಸಿಗೋಕೆ ಎತ್ತರ 44 ಪಿಕ್ಸೆಲ್‌ಗಿಂತ ಕಮ್ಮಿ ಆಗದಂಗೆ ನೋಡ್ಕೊಂಡೆ. ಇನ್ನುಳಿದ ಎರಡು ಲಿಂಕಿನ ಮಧ್ಯೆನೂ ಧಾರಾಳ ಜಾಗ ಬಿಟ್ಟೆ, ಹಿಂದೆ ಐಕಾನ್‌ಗಳು ಅಂಟಿಕೊಂಡಿದ್ದಕ್ಕೆ ಒಂದನ್ನ ಒತ್ತಿದ್ರೆ ಪಕ್ಕದ್ದು ತೆರ್ಕೊಳ್ತಿತ್ತು.

ಎರಡು ಕಡೆ ಎಡವಿದೆ, ಹೇಳ್ಬಿಡ್ತೀನಿ.

ಮೊದಲ್ನೇದು, ಇನ್‌ಬಾಕ್ಸಲ್ಲಿ ಸಬ್ಜೆಕ್ಟ್ ಪಕ್ಕ ಮಸುಕಾಗಿ ಕಾಣೋ ಸಾಲು. ಪ್ರೀಹೆಡರ್ ಅಂತಾರೆ ಅದನ್ನ. ನಾವು ಏನೂ ಕೊಡದಿದ್ರೆ ಇಮೇಲಲ್ಲಿ ಮೊದಲು ಸಿಗೋ ಟೆಕ್ಸ್ಟನ್ನೇ ಎತ್ಕೊಳುತ್ತೆ, ನಮ್ದರಲ್ಲಿ ಮೊದಲಿದ್ದಿದ್ದು "ಸರಿಯಾಗಿ ಕಾಣ್ತಿಲ್ವಾ? ಬ್ರೌಸರಲ್ಲಿ ನೋಡಿ". ತೆರೆಯೋಕೂ ಮುಂಚೆನೇ ಸರಿಯಾಗಿ ಕಾಣಲ್ಲ ಅಂತ ನಾವೇ ಡಂಗುರ ಹೊಡೆದಂಗಾಯ್ತು. ಈಗ ಆ ಸಾಲು ಫೂಟರ್‌ಗೆ ಹೋಯ್ತು, ಪ್ರೀಹೆಡರ್‌ಗೆ ಕಥೆಯದೇ ಒಂದು ವಾಕ್ಯ ಹಾಕ್ತೀನಿ, ಸಬ್ಜೆಕ್ಟಲ್ಲಿ ಇರೋದನ್ನೇ ಮತ್ತೆ ಹೇಳದಂಗೆ.

ಎರಡ್ನೇದು ತಲೆ ಕೆಡಿಸಿದ್ದು. ಒಂದು ಸಂಚಿಕೆ ಜಿಮೇಲಲ್ಲಿ ಅರ್ಧಕ್ಕೇ ತುಂಡಾಗಿ "ಪೂರ್ತಿ ಸಂದೇಶ ನೋಡಿ" ಅನ್ನೋ ಲಿಂಕ್ ಬಂತು, ಕಾರ್ಯಕ್ರಮ, ಮ್ಯಾಪ್, ಅನ್‌ಸಬ್‌ಸ್ಕ್ರೈಬ್ ಎಲ್ಲ ಮಾಯ. ಕೋಡ್ ಸುಮಾರು 102 ಕೆಬಿ ದಾಟಿದ್ರೆ ಜಿಮೇಲ್ ಕತ್ತರಿಸುತ್ತೆ. ಚಿತ್ರದ ಸೈಜು ಇದಕ್ಕೆ ಲೆಕ್ಕ ಇಲ್ಲ, ಹಂಗಾಗಿ ಚಿತ್ರ ಎಷ್ಟು ಸಣ್ಣದು ಮಾಡಿದ್ರೂ ಪ್ರಯೋಜನ ಆಗ್ಲಿಲ್ಲ. ಸೋರ್ಸ್ ತೆಗ್ದು ನೋಡಿದ್ರೆ ಅಕ್ಕ ವರ್ಡ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ರು, ಪದಕ್ಕೊಂದು ಸ್ಟೈಲ್ ಅಂಟ್ಕೊಂಡಿತ್ತು. ಸಾಲದ್ದಕ್ಕೆ ಎಡಿಟರ್ "ಕ" ಬದಲು `&#3221;` ಅಂತ ಬರೆದಿತ್ತು. ಕನ್ನಡದ "ಕ" ಯುಟಿಎಫ್-8ರಲ್ಲಿ 3 ಬೈಟ್, ಇಂಗ್ಲಿಷ್ ಅಕ್ಷರದ ಮೂರರಷ್ಟು. ಈ ರೂಪದಲ್ಲಿ ಅದೇ 7 ಬೈಟ್. ಈಗ ಬರಹನ ಮೊದಲು ನೋಟ್‌ಪ್ಯಾಡ್‌ಗೆ ಹಾಕಿ ಕಸ ಎಲ್ಲ ಉದುರಿಸಿ ಆಮೇಲೆ ಎಡಿಟರ್‌ಗೆ ಹಾಕ್ತೀನಿ, ಕಳ್ಸೋ ಮುಂಚೆ ಸೋರ್ಸ್ ಸೈಜ್ ನೋಡ್ತೀನಿ.

ಟೆಸ್ಟ್ ಮಾಡೋದು ನಂದೇ ಫೋನಲ್ಲಿ: ಒಂದ್ಸಲ ಇಮೇಜ್ ಆಫ್ ಮಾಡಿ, ಒಂದ್ಸಲ ಡಾರ್ಕ್ ಮೋಡಲ್ಲಿ (ಪಾರದರ್ಶಕ ಹಿನ್ನೆಲೆಯ ಕಪ್ಪು ಲೋಗೋ ಅಲ್ಲಿ ಕತ್ತಲಲ್ಲಿ ಕರಗೋಯ್ತು, ಹಿಂದೆ ಬಿಳಿ ಪಟ್ಟಿ ಹಾಕ್ಬೇಕಾಯ್ತು), ಒಂದ್ಸಲ ಫಾಂಟ್ ಗರಿಷ್ಠಕ್ಕೆ ಏರಿಸಿ. ಪ್ರತೀ ಟೆಸ್ಟ್‌ಗೂ ಸಬ್ಜೆಕ್ಟ್‌ನಲ್ಲಿ ಒಂದು ನಂಬರ್ ಬದಲಾಯಿಸಿ, ಇಲ್ಲಾಂದ್ರೆ ಜಿಮೇಲ್ ಎಲ್ಲವನ್ನೂ ಒಂದೇ ಥ್ರೆಡ್‌ಗೆ ಸೇರಿಸಿ ಹಿಂದಿನದ್ದೇ ಬರಹ ಅಂತ ಮೂರು ಚುಕ್ಕಿ ಹಿಂದೆ ಮಡಚಿಡುತ್ತೆ, ಲೇಔಟೇ ಒಡೆದೋಯ್ತೇನೋ ಅಂತ ನಾನು ಅರ್ಧ ದಿನ ಹುಡುಕಾಡಿದ್ದೀನಿ.

ಎಷ್ಟು ಜನ ತೆರೆದ್ರು ಅನ್ನೋ ಅಂಕಿ ನೋಡೋದು ನಿಲ್ಸಿದ್ದೀನಿ. 2021ರಿಂದ ಆ್ಯಪಲ್ ಮೇಲ್‌ನಲ್ಲಿ ಪ್ರೈವೆಸಿ ಆನ್ ಇದ್ರೆ ಓದುಗರು ತೆರೀದಿದ್ರೂ ಚಿತ್ರಗಳು ಮುಂಚೆನೇ ಡೌನ್‌ಲೋಡ್ ಆಗಿ ತೆರೆದಂಗೆ ಲೆಕ್ಕಕ್ಕೆ ಬರುತ್ತೆ. ಬಟನ್ ಎಷ್ಟು ಸಲ ಒತ್ತಿದ್ರು, ಎಷ್ಟು ಪ್ರತಿ ತೆಗೆದಿಟ್ವಿ, ಅಷ್ಟು ನೋಡ್ತೀವಿ.

ಅಕ್ಕನ ಉಳಿದ ಹತ್ತು ಪುಸ್ತಕದ ಬಗ್ಗೆ ಕೊನೆಗೆ ರಾಜಿ ಆಯ್ತು. ಫೂಟರ್‌ಗಿಂತ ಸ್ವಲ್ಪ ಮೇಲೆ "ಹೊಸದಾಗಿ ಬಂದಿರೋದು" ಅಂತ ನಾಲ್ಕು ಹೆಸರು, ಚಿತ್ರ ಇಲ್ಲ, ಲಿಂಕೂ ಇಲ್ಲ. ಬೇಕಾದವರು ಇಮೇಲ್‌ಗೇ ರಿಪ್ಲೈ ಮಾಡ್ತಾರೆ, ಅದು ಸೀದಾ ಅಕ್ಕನ ಇನ್‌ಬಾಕ್ಸ್‌ಗೇ ಹೋಗುತ್ತೆ.