ಸಂಜೆ ಹಾಲಿನ ಲೆಕ್ಕಕ್ಕೆ ಹನ್ನೊಂದೂಕಾಲರವರೆಗೆ ಸಮಯ ಕೇಳಿದ ಪತ್ರ

ಬೆಳಿಗ್ಗೆ ಆರೂ ಹತ್ತಕ್ಕೆ ಬಂದ ಫೋನು ಅದು. ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. "ಸಾರ್, ನಿನ್ನೆ ಸಂಜೆ ಹಾಲು ಸೊನ್ನೆ ಲೀಟರ್ ಅಂತ ಮೆಸೇಜ್ ಬಂದಿದೆ. ನಾನೇ ನಿಂತು ಒಂಬತ್ತು ಕ್ಯಾನ್ ತುಂಬಿಸಿ ಗಾಡಿ ಹತ್ತಿಸಿದೀನಿ. ಈಗ ಸದಸ್ಯರಿಗೆ ಏನಂತ ಹೇಳ್ಲಿ?" ಎಂಟು ಗಂಟೆಯೊಳಗೆ ಅದೇ ರೂಟಿನ ಇನ್ನೂ ಆರು ಸಂಘಗಳಿಂದ ಇದೇ ಮಾತು ಬಂತು.

ನಾನು ಒಂದು ಹಾಲು ಒಕ್ಕೂಟದ ಶೇಖರಣಾ ವಿಭಾಗದಲ್ಲಿ ಲೆಕ್ಕ ನೋಡಿಕೊಳ್ಳುವವನು. ನಮ್ಮಲ್ಲಿ ಮೂರು ಶೀತಲೀಕರಣ ಕೇಂದ್ರಗಳಿವೆ. ಸಂಜೆ ಹಾಲಿನ ಗಾಡಿಗಳು ಅಲ್ಲಿಗೆ ಬರುತ್ತವೆ. ಡಾಕ್‌ನಲ್ಲಿ ಪ್ರತಿ ಸಂಘದ ಹಾಲನ್ನು ತೂಗಿ, ಸ್ಯಾಂಪಲ್ ತೆಗೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ನೋಡಿ, ಟ್ರಕ್ ಶೀಟ್ ಮಾಡುತ್ತಾರೆ. ಕೊನೆಯ ಸಂಘದ ಪರೀಕ್ಷೆ ಮುಗಿದ ಮೇಲೆ ಆಪರೇಟರ್ ಆ ಹೊತ್ತಿನ ಲೆಕ್ಕ ಮುಚ್ಚಿ ಒಂದು ಫೈಲ್ ಕಳಿಸುತ್ತಾರೆ. ಒಕ್ಕೂಟದ ಸರ್ವರ್‌ನಲ್ಲಿರುವ ರಾತ್ರಿ ಜಾಬ್, ಅಂದರೆ ಈ ಫೈಲ್‌ಗಳಿಂದ ವರದಿಯನ್ನೂ ಸಂಘಗಳಿಗೆ ಹೋಗುವ ಮೆಸೇಜನ್ನೂ ತಾನಾಗಿ ತಯಾರಿಸುವ ಪ್ರೋಗ್ರಾಮ್, ಒಂಬತ್ತರಿಂದ ಹತ್ತರವರೆಗೆ ಮೂರು ಫೈಲ್‌ಗಳಿಗಾಗಿ ಕಾಯುತ್ತದೆ. ಮೂರೂ ಬಂದರೆ ಕೂಡಲೇ ಓಡುತ್ತದೆ, ಹತ್ತು ಹೊಡೆದರೆ ಬಂದಷ್ಟನ್ನು ಹಿಡಿದು ಓಡುತ್ತದೆ. ತಡವಾಗಿ ಬಂದ ಫೈಲ್ ಬೇರೆ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ಮರುದಿನ ಅದನ್ನು ಕೈಯಿಂದ ಏರಿಸಬೇಕು.

ಮೂರನೇ ಕೇಂದ್ರಕ್ಕೆ ಬರುತ್ತಿದ್ದ ಎರಡು ರೂಟ್‌ಗಳನ್ನು ಆ ತಿಂಗಳು ಒಂದೇ ಮಾಡಿದ್ದರು. ಎಂಟೂ ಹತ್ತಕ್ಕೆ ಡಾಕ್ ಮುಟ್ಟುತ್ತಿದ್ದ ಕೊನೆಯ ಗಾಡಿ ಈಗ ಒಂಬತ್ತೂವರೆಗೆ ಬರುತ್ತಿತ್ತು. ಹಾಲಿನ ಮಟ್ಟಿಗೆ ಅದನ್ನು ನಿಭಾಯಿಸಿದ್ದರು, ಬಂದ ಕೂಡಲೇ 4 ಡಿಗ್ರಿಗೆ ಇಳಿಸುತ್ತಿದ್ದರು. ಆದರೆ ಫೈಲ್ ಯಾವಾಗ ಬರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಸೊನ್ನೆ ಮೆಸೇಜು ಕಣ್ಣಿಗೆ ಕಾಣುವ ತೊಂದರೆ. ಅದಕ್ಕಿಂತ ದೊಡ್ಡದು ಡೇರಿಯೊಳಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಉತ್ಪಾದನಾ ವಿಭಾಗದವರು ಅಂದಿನ ಹಾಲಿನ ಯೋಜನೆ ಹಾಕುತ್ತಾರೆ. ಟೋನ್ಡ್ ಹಾಲಿಗೆ 3.0 ಫ್ಯಾಟ್, 8.5 ಎಸ್‌ಎನ್‌ಎಫ್ ಬರಬೇಕೆಂದರೆ ಕೈಯಲ್ಲಿರುವ ಹಾಲಿನ ಫ್ಯಾಟ್ ಎಷ್ಟೆಂದು ಗೊತ್ತಿರಬೇಕು. ಮೂರನೇ ಕೇಂದ್ರದ ಟ್ಯಾಂಕರ್ ಬರುತ್ತದೆಂದು ಅವರಿಗೆ ಗೊತ್ತು, ಅದರ ಅಂಕಿ ಮಾತ್ರ ವರದಿಯಲ್ಲಿಲ್ಲ. ಹಾಗಾಗಿ ಹಿಂದಿನ ದಿನದ ಫ್ಯಾಟ್ ಹಾಕಿಕೊಂಡು ಕೂಡಿಸುತ್ತಿದ್ದರು, ಟ್ಯಾಂಕರ್ ಬಂದ ಮೇಲೆ ಮತ್ತೆ ತಿದ್ದುತ್ತಿದ್ದರು.

ನನ್ನ ಮೊದಲ ಪತ್ರ ನಾಲ್ಕೇ ಸಾಲಿನದು: "ಮೂರನೇ ಕೇಂದ್ರದ ಫೈಲ್ ತಡವಾಗಿ ಬರುತ್ತಿರುವುದರಿಂದ ರಾತ್ರಿ ಜಾಬ್‌ನ ಸಮಯವನ್ನು ವಿಸ್ತರಿಸಿಕೊಡಬೇಕು." ಐಟಿ ವಿಭಾಗದ ಎಂಜಿನಿಯರ್ ಮೇಡಂ ಫೋನ್ ಮಾಡಿ ಕೇಳಿದರು: "ಯಾವ ಸಮಯ ಸಾರ್? ಜಾಬ್ ಶುರುವಾಗೋದಾ, ಕಾಯೋದು ನಿಲ್ಲಿಸೋದಾ, ವರದಿ ಸಿದ್ಧವಾಗಬೇಕಾದ್ದಾ?" ಈ ಮೂರೂ ಬೇರೆಬೇರೆ ಎಂಬುದು ನನ್ನ ಪತ್ರದಲ್ಲಿ ಇರಲೇ ಇಲ್ಲ. ಶುರುವಾಗುವುದನ್ನು ಮುಂದೂಡಿದರೆ ಎಲ್ಲ ಫೈಲೂ ಬೇಗ ಬಂದ ರಾತ್ರಿಯೂ ಸುಮ್ಮನೆ ತಡವಾಗುತ್ತದೆ. ನನಗೆ ಬೇಕಾಗಿದ್ದದ್ದು ಕಾಯುವ ಕೊನೆಯ ಸಮಯ ಮಾತ್ರ. "ಅದನ್ನ ಎಷ್ಟಕ್ಕೆ ಇಡಲಿ?" ಎಂದರು. ಫೋಲ್ಡರ್ ತೆರೆದು ಒಂದು ವಾರದ ಫೈಲ್‌ಗಳ ಸಮಯ ನೋಡಿದೆ. ತೀರಾ ತಡವಾದದ್ದು 10:20. "ಹತ್ತೂವರೆ ಸಾಕು" ಎಂದೆ. ಅಂದೇ ಮಾಡಿಕೊಟ್ಟರು.

ಮುಂದಿನ ಹನ್ನೆರಡು ರಾತ್ರಿಗಳಲ್ಲಿ ಏಳು ರಾತ್ರಿ ಮತ್ತೆ ಸೊನ್ನೆ ಬಂತು.

ಫೋಲ್ಡರ್‌ನಲ್ಲಿ ನೋಡಿದರೆ ಎಲ್ಲ ಫೈಲೂ 10:20ರ ಒಳಗಿನವೇ. ಆದರೂ ಜಾಬ್ ಅವುಗಳನ್ನು ಕಂಡಿಲ್ಲ. ಇದು ನನ್ನನ್ನು ಎರಡು ದಿನ ಕಾಡಿತು. ಕಾರಣ ಇಷ್ಟೇ: ಕೇಂದ್ರದವರು ಫೈಲ್ ಕಳಿಸಲು ಬಳಸುವುದು ವಿನ್‌ಎಸ್‌ಸಿಪಿ. ಅದರಲ್ಲಿ `Preserve timestamp` ಎಂಬ ಆಯ್ಕೆ ಮೊದಲಿನಿಂದಲೇ ಗುರುತಾಗಿರುತ್ತದೆ. ಹಾಗಾಗಿ ಸರ್ವರ್‌ನಲ್ಲಿ ಕಾಣುವ ಸಮಯ ಫೈಲ್ ಬಂದದ್ದಲ್ಲ, ಕೇಂದ್ರದ ಕಂಪ್ಯೂಟರ್‌ನಲ್ಲಿ ಅದು ಬರೆಯಲ್ಪಟ್ಟದ್ದು. ಆಪರೇಟರ್ ಹತ್ತೂ ಹದಿನೈದಕ್ಕೆ ಲೆಕ್ಕ ಮುಚ್ಚಿ, ಕ್ಯಾನ್ ತೊಳೆಸಿ, ಡಾಕ್ ಬಳಿಸಿ, ಆಮೇಲೆ ಬಂದು ಫೈಲ್ ಕಳಿಸುತ್ತಿದ್ದರು. ನಡುವಿನ ಆ ಹೊತ್ತು ನನಗೆ ಕಾಣುತ್ತಲೇ ಇರಲಿಲ್ಲ. ನಿಜವಾಗಿ ಬಂದ ಸಮಯ ಇರುವುದು ಎಸ್‌ಎಫ್‌ಟಿಪಿ ಸರ್ವರ್‌ನ ಲಾಗ್‌ನಲ್ಲಿ. ಅದನ್ನು ಮೇಡಂ ಅವರಿಂದ ಕೇಳಿ ಪಡೆದು 21 ರಾತ್ರಿಗಳದ್ದನ್ನು ಬರೆದುಕೊಂಡೆ. ತೀರಾ ಬೇಗ 10:18, ತೀರಾ ತಡ 10:52. ಭಾನುವಾರ ಮತ್ತು ಸಂತೆಯ ದಿನಗಳೂ ಅದರಲ್ಲಿ ಬಂದಿದ್ದರಿಂದ ಮೂರು ವಾರ ಸಾಕೆನಿಸಿತು.

ಹಾಗಿದ್ದರೆ ಹನ್ನೆರಡರವರೆಗೆ ಕೇಳಿಬಿಡಬಹುದಿತ್ತಲ್ಲ? ಕೇಳಲಿಲ್ಲ, ಎರಡು ಕಾರಣಕ್ಕೆ. ಹನ್ನೆರಡಕ್ಕೆ ಡೇಟಾಬೇಸ್ ಬ್ಯಾಕಪ್ ಶುರುವಾಗುತ್ತದೆ. ಜಾಬ್ ಓಡಲು 32ರಿಂದ 36 ನಿಮಿಷ ಬೇಕು. ಎರಡೂ ಒಂದರ ಮೇಲೊಂದು ಬಿದ್ದರೆ ಎರಡೂ ನಿಧಾನವಾಗುತ್ತವೆ. ಇನ್ನೊಂದು ನಾವೇ ಅನುಭವಿಸಿದ್ದು. ಒಮ್ಮೆ ಕರೆಂಟ್ ಹೋಗಿದ್ದ ರಾತ್ರಿ 12:10ಕ್ಕೆ ಜಾಬನ್ನು ಕೈಯಿಂದ ಓಡಿಸಿದ್ದೆವು. ಅದು ದಿನಾಂಕವನ್ನು ಗಡಿಯಾರದಿಂದ ತೆಗೆದುಕೊಳ್ಳುತ್ತದೆ, ಹಾಗಾಗಿ ಮಂಗಳವಾರ ಸಂಜೆಯ ಹಾಲು ಬುಧವಾರದ್ದಾಯಿತು. ಬುಧವಾರಕ್ಕೆ ಪ್ರತಿ ಸಂಘದಿಂದ ಮೂರು ಹೊತ್ತಿನ ಹಾಲು, ಮಂಗಳವಾರಕ್ಕೆ ಒಂದೇ ಹೊತ್ತು. ವಾರದ ಬಟವಾಡೆಯ ಕೊನೆಯ ದಿನ ಹಾಗಾಗಿದ್ದರೆ ಆ ಹಾಲಿನ ದುಡ್ಡು ಮುಂದಿನ ವಾರಕ್ಕೆ ಹೋಗುತ್ತಿತ್ತು. ರೈತರ ದುಡ್ಡಿನ ವಿಷಯದಲ್ಲಿ ಅಂಥದ್ದಕ್ಕೆ ದಾರಿ ಬಿಡಬಾರದು ಎಂದು ಎರಡನೇ ಪತ್ರದಲ್ಲಿ ದಿನಾಂಕದ ಮಾತನ್ನೂ ಸೇರಿಸಿದೆ.

ಆ ಪತ್ರದ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ,

ವಿಷಯ: ಸಂಜೆ ಹಾಲು ಲೆಕ್ಕದ ಜಾಬ್ ಫೈಲ್‌ಗಾಗಿ ಕಾಯುವ ಕೊನೆಯ ಸಮಯವನ್ನು ರಾತ್ರಿ 10:30ರಿಂದ 11:15ಕ್ಕೆ ವಿಸ್ತರಿಸುವ ಬಗ್ಗೆ.

ಮೂರನೇ ಶೀತಲೀಕರಣ ಕೇಂದ್ರದ ಎರಡು ರೂಟ್‌ಗಳು ಒಂದಾದ ಮೇಲೆ ಕೊನೆಯ ಗಾಡಿ ರಾತ್ರಿ 9:30ಕ್ಕೆ ಬರುತ್ತಿದೆ. ಈ ಬದಲಾವಣೆ ಶಾಶ್ವತವೆಂದು ಶೇಖರಣಾ ವಿಭಾಗದ ಮುಖ್ಯಸ್ಥರು ತಿಳಿಸಿದ್ದಾರೆ. ಕಳೆದ 21 ರಾತ್ರಿಗಳಲ್ಲಿ ಈ ಕೇಂದ್ರದ ಫೈಲ್ ಸರ್ವರ್ ತಲುಪಿದ ಸಮಯವನ್ನು ಎಸ್‌ಎಫ್‌ಟಿಪಿ ಲಾಗ್‌ನಿಂದ ತೆಗೆದು ಲಗತ್ತಿಸಿದೆ. ಅತ್ಯಂತ ತಡ 10:52. ನಾವು ಕೇಳುತ್ತಿರುವುದು ಅದಕ್ಕಿಂತ 23 ನಿಮಿಷ ಹೆಚ್ಚು.

ಜಾಬ್ ಶುರುವಾಗುವ ಸಮಯ ಬದಲಾಗುವುದು ಬೇಡ. ಮೂರೂ ಫೈಲ್ ಬಂದ ಕೂಡಲೇ ಈಗಿನಂತೆಯೇ ಓಡಲಿ. 11:15ಕ್ಕೂ ಬಾರದಿದ್ದರೆ ಈಗಿನಂತೆಯೇ ಬಂದಷ್ಟನ್ನು ತೆಗೆದುಕೊಳ್ಳಲಿ, ಆದರೆ ಬಾರದ ಕೇಂದ್ರದ ಸಂಘಗಳಿಗೆ ಸೊನ್ನೆ ಎಂಬ ಮೆಸೇಜ್ ಹೋಗದಿರಲಿ. 10:55ಕ್ಕೆ ಫೈಲ್ ಬಂದಿರದಿದ್ದರೆ ನನಗೆ ಒಂದು ಎಚ್ಚರಿಕೆ ಮೆಸೇಜ್ ಬರಲಿ.

ವರದಿ ಉತ್ಪಾದನಾ ವಿಭಾಗಕ್ಕೆ ಬೇಕಾಗುವುದು ಬೆಳಗಿನ 4:30ಕ್ಕೆ. ಜಾಬ್ ಹೆಚ್ಚೆಂದರೆ 36 ನಿಮಿಷ ಓಡುವುದರಿಂದ 11:51ಕ್ಕೆ ಮುಗಿಯುತ್ತದೆ. 12:00ಕ್ಕೆ ಶುರುವಾಗುವ ಬ್ಯಾಕಪ್‌ಗೆ ಈ ಅಂತರ ಸಾಲದು ಎಂದು ತಮಗೆ ಅನಿಸಿದರೆ ದಯವಿಟ್ಟು ತಿಳಿಸಿ. ಮಧ್ಯರಾತ್ರಿ ದಾಟಿ ಓಡಿದರೂ ಹಾಲಿನ ದಿನಾಂಕ ಹಿಂದಿನ ದಿನದ್ದೇ ಆಗಿರುವಂತೆ ಮಾಡಿಕೊಡಬೇಕೆಂದು ಕೋರುತ್ತೇನೆ.

ಮೂರು ತಿಂಗಳ ನಂತರ ಲಾಗ್ ನೋಡಿ, ಇಷ್ಟು ಸಮಯ ಬೇಡವೆನಿಸಿದರೆ ಕಡಿಮೆ ಮಾಡಲು ನಾವೇ ಬರೆಯುತ್ತೇವೆ."

ಕೆಳಗೆ ನನ್ನ ಸಹಿಯ ಜೊತೆ ನಮ್ಮ ವಿಭಾಗದ ಮುಖ್ಯಸ್ಥರ ಸಹಿ, ಉತ್ಪಾದನಾ ವಿಭಾಗದವರ ಸಹಿಯೂ ಇತ್ತು. ವರದಿ ತಡವಾದರೆ ತೊಂದರೆ ಆಗುವುದು ಅವರಿಗೆ. ಅವರ ಒಪ್ಪಿಗೆ ಇಲ್ಲದೆ ಐಟಿಯವರು ಸಮಯ ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಇದೊಂದು ಸಹಿ ಮೊದಲೇ ಇದ್ದದ್ದರಿಂದ ಪತ್ರ ಮೇಜಿನಿಂದ ಮೇಜಿಗೆ ಅಲೆಯಲಿಲ್ಲ.

ಮೇಡಂ ಎರಡು ಮಾತು ಎತ್ತಿದರು. ಮೊದಲನೆಯದು: "ಲೆಕ್ಕ ಮುಚ್ಚಿದ ಕೂಡಲೇ ಕಳಿಸಿದರೆ ಅರ್ಧ ಗಂಟೆ ಉಳಿಯತ್ತಲ್ಲ ಸಾರ್?" ನಿಜ. ಆದರೆ ರಾತ್ರಿ ಆ ಕೇಂದ್ರದಲ್ಲಿ ಪರೀಕ್ಷೆಗೂ ಕಂಪ್ಯೂಟರ್‌ಗೂ ಒಬ್ಬರೇ ಆಪರೇಟರ್. ಡಾಕ್ ತೊಳೆಯುವುದನ್ನು ಬಿಟ್ಟು ಫೈಲ್ ಕಳಿಸಿ ಎಂದು ನಾನು ಹೇಳಲಾರೆ. ಒಣಗಿದ ಹಾಲಿನ ಜಿಡ್ಡು ಬೆಳಗಿನ ಹಾಲನ್ನು ಕೆಡಿಸುತ್ತದೆ. ಲೆಕ್ಕ ಮುಚ್ಚಿದಾಗ ತಾನಾಗಿಯೇ ಕಳಿಸುವ ಸ್ಕ್ರಿಪ್ಟ್ ಹಾಕಬಹುದು ಎಂದು ಒಪ್ಪಿಕೊಂಡೆವು, ಆದರೆ ಅಲ್ಲಿಯವರೆಗೆ ಕಾಯಲಾಗುತ್ತಿರಲಿಲ್ಲ. ಎರಡನೆಯದು ಒಂಬತ್ತು ನಿಮಿಷದ ಅಂತರ. ಅದು ಸಾಲದು ಎಂದು ಅವರೇ ಬ್ಯಾಕಪ್ ಅನ್ನು 12:30ಕ್ಕೆ ತಳ್ಳಿದರು. ಅದು ಮುಗಿಯಲು ಒಂದೂಕಾಲು ಗಂಟೆ, ಅಂದರೆ 1:45. ನಾಲ್ಕೂವರೆಗೆ ಬೇಕಾದಷ್ಟು ಸಮಯ ಉಳಿಯುತ್ತದೆ.

ಸ್ಕ್ರಿಪ್ಟ್‌ನಲ್ಲಿ ಬದಲಾದದ್ದು ಮುಖ್ಯವಾಗಿ ಎರಡು ಸಾಲು:

```
CUTOFF=2315
MILK_DATE=$(date -d '6 hours ago' +%F)
```

ಮೊದಲು ಎರಡನೇ ಸಾಲಿನಲ್ಲಿ ಬರೀ `date +%F` ಇತ್ತು. ಆರು ಗಂಟೆ ಹಿಂದಕ್ಕೆ ಸರಿಸಿದ್ದರಿಂದ ರಾತ್ರಿ 12:10ಕ್ಕೆ ಓಡಿದರೂ ಅದು ಹಿಂದಿನ ಸಂಜೆಯ ದಿನಾಂಕವನ್ನೇ ಹಿಡಿಯುತ್ತದೆ. ಇದಕ್ಕೆ ಒಂದು ಮಿತಿಯಿದೆ: ಬೆಳಿಗ್ಗೆ ಆರು ದಾಟಿದ ಮೇಲೆ ಸಂಜೆ ಜಾಬನ್ನು ಮತ್ತೆ ಓಡಿಸಿದರೆ ದಿನಾಂಕ ತಪ್ಪುತ್ತದೆ. ಅದನ್ನು ಸ್ಕ್ರಿಪ್ಟ್‌ನ ತಲೆಯಲ್ಲೇ ಬರೆಸಿದೆವು.

ಹಳೆಯ ಫೈಲ್‌ಗಳನ್ನಿಟ್ಟು ಮೂರು ರಾತ್ರಿ ಪರೀಕ್ಷಾ ಸರ್ವರ್‌ನಲ್ಲಿ ಓಡಿಸಿದರು. ನಾನು ನೋಡಿದ್ದು ಎರಡನ್ನೇ. ವರದಿಯ ಒಟ್ಟು ಲೀಟರ್ ಟ್ರಕ್ ಶೀಟ್‌ನ ಕೊನೆಯ ಒಟ್ಟು ಮೊತ್ತಕ್ಕೆ ಹೊಂದುತ್ತದೆಯೇ ಎಂಬುದು ಒಂದು. ಯಾವ ಸಂಘಕ್ಕಾದರೂ ಒಂದೇ ದಿನ ಎರಡಕ್ಕಿಂತ ಹೆಚ್ಚು ಹೊತ್ತಿನ ಹಾಲು ಬಿದ್ದಿದೆಯೇ ಎಂಬುದು ಇನ್ನೊಂದು:

```
SELECT soc_code, milk_date, COUNT(*)
FROM procurement
GROUP BY soc_code, milk_date
HAVING COUNT(*) > 2;
```

ಒಂದು ಸಾಲೂ ಬರಲಿಲ್ಲ. ನಾಲ್ಕನೇ ರಾತ್ರಿ ನಿಜವಾದ ಸರ್ವರ್‌ಗೆ ಹಾಕಿದರು.

ಆಮೇಲಿನ ಎರಡು ತಿಂಗಳಲ್ಲಿ ಎಚ್ಚರಿಕೆ ಮೆಸೇಜ್ ಬಂದದ್ದು ಮೂರು ಸಲ. ಎರಡು ಸಲ ನಾನು ಕೇಂದ್ರಕ್ಕೆ ಫೋನ್ ಮಾಡಿದೆ, ಆಪರೇಟರ್ ಕೈ ಒರೆಸಿಕೊಂಡು ಬಂದು ಹನ್ನೊಂದೂ ಐದರೊಳಗೆ ಕಳಿಸಿದರು. ಮೂರನೇ ಸಲ ಜೋರು ಮಳೆ, ಗಾಡಿ ಹಳ್ಳದ ಆಚೆಯೇ ನಿಂತಿತ್ತು. ಅಂಥ ರಾತ್ರಿಗೆ ಯಾವ ಸಮಯವೂ ಸಾಲದು. ಆ ದಿನ ಫೈಲ್ ಇಲ್ಲದೆಯೇ ಜಾಬ್ ಓಡಿತು, ಸಂಘಗಳಿಗೆ "ಲೆಕ್ಕ ಬಾಕಿ ಇದೆ" ಎಂದು ಮೆಸೇಜ್ ಹೋಯಿತು, ಬೆಳಿಗ್ಗೆ ನಾನೇ ಕೈಯಿಂದ ಏರಿಸಿದೆ. ಸೊನ್ನೆ ಲೀಟರ್ ಎಂದು ಯಾವ ಕಾರ್ಯದರ್ಶಿಯೂ ಫೋನ್ ಮಾಡಲಿಲ್ಲ.

ಬರುವ ತಿಂಗಳು ಎರಡನೇ ಕೇಂದ್ರದ ರೂಟ್‌ಗಳನ್ನೂ ಸೇರಿಸುವ ಮಾತು ನಡೆದಿದೆ. ಈ ಸಲ ರೂಟ್ ಬದಲಾಗುವ ಮುಂಚೆಯೇ ಆ ಕೇಂದ್ರದ ಫೈಲ್ ಬರುವ ಸಮಯವನ್ನು ಲಾಗ್‌ನಿಂದ ಬರೆದಿಡತೊಡಗಿದ್ದೇನೆ. ರೂಟ್ ಆದೇಶದ ಒಂದು ಪ್ರತಿ ಐಟಿ ವಿಭಾಗಕ್ಕೂ ಹೋಗಲಿ ಎಂದು ಟಿಪ್ಪಣಿ ಇಟ್ಟಿದ್ದೇನೆ.